ಒಂಬತ್ತನೇ ಹಾಸಿಗೆಗೆ ಇಪ್ಪತ್ತು

ಅವನ ಅಕ್ಷರ ಕಂಡವರು ಹೆಣ್ಣು ಕೊಡಲು ಮುಂದೆ ಬರುತ್ತಿದ್ದರು. ಅವನ ಕೆಲಸ ಕಂಡಿದ್ದರೆ ಕೊಟ್ಟ ಹೆಣ್ಣನ್ನು ಕೈಹಿಡಿದು ವಾಪಸ್ ಕರೆದೊಯ್ಯುತ್ತಿದ್ದರು. ಮೂರು ವರ್ಷದಿಂದ ಸರ್ಜರಿ ವಾರ್ಡಿನಲ್ಲಿ ನರ್ಸು. ರೋಗಿಗಳಿಗೆ ಬ್ರದರ್, ಜೊತೆಯವರಿಗೆ ಮುತ್ತು. ಅಕ್ಷರ ಮುತ್ತಿನಂತಿದೆ ಎಂದು ಇಟ್ಟ ಹೆಸರು. ಅದರಲ್ಲಿ ಅರ್ಧ ಲೇವಡಿ ಇದೆಯೆಂದು ತಿಳಿಯಲು ಆ ಬುದ್ಧಿವಂತನಿಗೆ ಎರಡು ವರ್ಷ ಹಿಡಿಯಿತು.

ಪಾಳಿ ಮುಗಿಸುವ ನರ್ಸು ಬರುವ ನರ್ಸಿಗೆ ರೋಗಿಗಳನ್ನು ಒಪ್ಪಿಸಬೇಕು. ಅದಕ್ಕೊಂದು ಹಾಳೆ, ಪ್ರತಿ ರೋಗಿಗೂ ನಾಲ್ಕು ಚೌಕ. ಎಸ್ ಎಂದರೆ ರೋಗಿ ಈಗ ಹೇಗಿದ್ದಾನೆ. ಬಿ ಎಂದರೆ ಹಿಂದೆ ಏನೇನಾಗಿದೆ. ಎ ಎಂದರೆ ಇದನ್ನೆಲ್ಲ ನೋಡಿ ನರ್ಸಿಗೆ ಏನನ್ನಿಸುತ್ತದೆ. ಆರ್ ಎಂದರೆ ಮುಂದೆ ಏನು ಮಾಡಬೇಕು. ಮುತ್ತುವಿನ ಹಾಳೆಯಲ್ಲಿ ಬಿ ಚೌಕ ನಿನ್ನೆಯ ಹಾಳೆಯಿಂದ ಇಳಿಯುತ್ತಿತ್ತು. ಎ ಚೌಕದಲ್ಲಿ ಹತ್ತೂ ರೋಗಿಗಳಿಗೆ 'ಸ್ಟೇಬಲ್'. ಆರ್ ಚೌಕದಲ್ಲಿ ಹತ್ತಕ್ಕೂ 'ಇದೇ ಚಿಕಿತ್ಸೆ ಮುಂದುವರಿಸಿ'. ಅವನಿಗೆ ಏನನ್ನಿಸುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅನ್ನಿಸಲು ಒಳಗೆ ಏನಾದರೂ ಇರಬೇಕಲ್ಲ.

ಎಸ್ ಚೌಕದ್ದು ಮಾತ್ರ ಅವನ ಸ್ವಂತ ಕಲೆ. ನಾಡಿ, ಬಿಪಿ, ಆಮ್ಲಜನಕಗಳನ್ನು ಯಂತ್ರ ತೋರಿಸುತ್ತದೆ. ಉಸಿರನ್ನು ತೋರಿಸುವುದಿಲ್ಲ; ಹಾಸಿಗೆ ಪಕ್ಕ ನಿಂತು, ಎದೆ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ಎಣಿಸಬೇಕು. ಹತ್ತು ರೋಗಿ, ಹತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ಒಂದು ಕಾಫಿ ಕುಡಿದು, ಇನ್ನೊಂದಕ್ಕೆ ಹೇಳಿ ಬರಬಹುದು. ಹಾಗಾಗಿ ಎಲ್ಲರ ಉಸಿರನ್ನೂ ಅವನು ಕುರ್ಚಿಯಲ್ಲೇ ಎಣಿಸುತ್ತಿದ್ದ. ಎಲ್ಲರಿಗೂ ಒಂದೇ ಬರೆದರೆ ಅನುಮಾನ ಬಂದೀತೆಂದು ಸಮಸಂಖ್ಯೆಯ ಹಾಸಿಗೆಗಳಿಗೆ ಹದಿನೆಂಟು, ಬೆಸಸಂಖ್ಯೆಯವಕ್ಕೆ ಇಪ್ಪತ್ತು. ಮೂರು ವರ್ಷದಲ್ಲಿ ಅವನು ತಲೆ ಖರ್ಚು ಮಾಡಿದ್ದು ಇದೊಂದಕ್ಕೆ.

ಇದಕ್ಕೆ ಬಹುಮಾನವೂ ಬಂತು. ತಿಂಗಳಿಗೊಮ್ಮೆ ಹಾಳೆ ಪರೀಕ್ಷಿಸುವ ಗುಣಮಟ್ಟದ ಮೇಡಂ ರೋಗಿಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಖಾಲಿ ಚೌಕ ಹುಡುಕುತ್ತಿದ್ದರು. "ಖಾಲಿ ಇಲ್ಲ, ಕಾಟು ಇಲ್ಲ, ಸಹಿ ಇದೆ. ನೂರಕ್ಕೆ ನೂರು!" ಎಂದು ಅವನ ಹಾಳೆಯನ್ನು ಗೋಡೆಯ ಫಲಕಕ್ಕೆ ಚುಚ್ಚಿಸಿ ಮೇಲೆ 'ಮಾದರಿ' ಎಂದು ಬರೆಸಿದರು. ಅವನು ಅದರ ಫೋಟೊ ತೆಗೆದು ಅಮ್ಮನಿಗೆ ಕಳಿಸಿದ.

"ಏನೋ ಬರೆದಿದೀಯ ಇದ್ರಲ್ಲಿ?" ಎಂದಳು ಅಮ್ಮ.

"ಎಲ್ಲರೂ ಚೆನ್ನಾಗಿದಾರೆ ಅಂತ."

"ಚೆನ್ನಾಗಿದ್ರೆ ಆಸ್ಪತ್ರೇಲಿ ಯಾಕಿದಾರೆ?"

ಗುಣಮಟ್ಟ ವಿಭಾಗಕ್ಕೆ ಸೇರಬೇಕಾದವಳು ಅಮ್ಮ.

ಅದಾದ ಮರುವಾರ, ಬೆಳಗಿನ ಪಾಳಿ. ಒಂಬತ್ತನೇ ಹಾಸಿಗೆಯಲ್ಲಿ ಒಬ್ಬ ದರ್ಜಿ. ಕರುಳಿನ ಗಡ್ಡೆ ಕತ್ತರಿಸಿ ಎರಡು ತುದಿ ಸೇರಿಸಿ ಹೊಲಿದು ಅಂದಿಗೆ ಐದನೇ ದಿನ. ಬೆಳಗ್ಗೆ ಸರ್ಜನ್ ಬಂದು, ಹೊದಿಕೆಯನ್ನು ಎರಡು ಬೆರಳಲ್ಲಿ ಎತ್ತಿ, "ಗ್ಯಾಸ್. ಓಡಾಡಿಸಿ," ಎಂದು ಹೊದಿಕೆ ಬೀಳುವ ಮುಂಚೆ ಹತ್ತನೇ ಹಾಸಿಗೆಗೆ ದಾಟಿದ್ದರು. ಹನ್ನೊಂದು ಗಂಟೆಗೆ ದರ್ಜಿಯ ಹೆಂಡತಿ ಮೇಜಿನ ಹತ್ತಿರ ಬಂದರು.

"ಬ್ರದರ್, ಇವ್ರು ಯಾಕೋ ಒಂದೇ ಸಮ ಏದುಸಿರು ಬಿಡ್ತಿದಾರೆ. ಒಂಚೂರು ನೋಡ್ತೀರಾ?"

"ಗ್ಯಾಸ್ ಅಮ್ಮ. ಡಾಕ್ಟ್ರು ಹೇಳಿದಾರಲ್ಲ, ಓಡಾಡಿಸಿ."

"ಎದ್ದು ಕೂರಕ್ಕೇ ಆಗ್ತಿಲ್ಲ."

"ಆಗುತ್ತೆ, ಆಗುತ್ತೆ," ಎಂದ. ಪೆನ್ನನ್ನು ಕೆಳಗಿಡಲಿಲ್ಲ.

ಎರಡು ಗಂಟೆಗೆ ಹಾಳೆ ತೆಗೆದುಕೊಳ್ಳಲು ಬಂದದ್ದು ಗಡಿಯಾರ ಸಿಸ್ಟರ್. ಎದೆಗೆ ತಲೆಕೆಳಗಾಗಿ ಪಿನ್ ಮಾಡಿದ ಗಡಿಯಾರ, ನಿವೃತ್ತಿಗೆ ಎರಡು ವರ್ಷ, ಮಂಡಿ ನೋವು. ಎಂಟು ಹಾಸಿಗೆಗಳ ಹಾಳೆ ಓದಿ, ಎದ್ದು ನೋಡಿ, ಸಹಿ ಹಾಕಿದರು. ಒಂಬತ್ತಕ್ಕೆ ಬಂದು ಪೆನ್ನು ಮುಚ್ಚಿದರು.

"ನಾಡಿ ಎಂಟು ಗಂಟೆಗೆ ತೊಂಬತ್ತೆರಡು, ಹತ್ತಕ್ಕೆ ನೂರಾನಾಲ್ಕು, ಹನ್ನೆರಡಕ್ಕೆ ನೂರಾಹದಿನಾರು. ಆರು ಗಂಟೆ ಅವಧೀಲಿ ಮೂತ್ರ ಬರೀ ನೂರು ಎಂಎಲ್. ಜ್ವರ ಬೇರೆ. ಇದೆಲ್ಲ ನೀನೇ ಬರೆದದ್ದಾ?"

"ಹೌದು ಸಿಸ್ಟರ್."

"ಓದಿದ್ದು ಯಾರು?"

ಅವನು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡ.

"ಎ ಚೌಕದಲ್ಲಿ 'ಸ್ಟೇಬಲ್, ಗ್ಯಾಸ್'. ಗ್ಯಾಸ್ ಅಂದದ್ದು ಸರ್ಜನ್ನು. ಅದು ನಿನ್ನ ಚೌಕ ಕಣಪ್ಪ, ಅವ್ರದ್ದಲ್ಲ. ಸರಿ, ಉಸಿರು ಇಪ್ಪತ್ತು ಅಂದಿದೀಯ. ಒಂಬತ್ತು ಬೆಸ, ಅದಕ್ಕೇನಾ?"

ಮುತ್ತುವಿನ ಕಿವಿ ಬಿಸಿಯಾಯಿತು.

"ನಮ್ಮ ಕಾಲ್ದಲ್ಲಿ ನಾವೂ ಸೋಮಾರಿಗಳೇ. ಎಲ್ಲರಿಗೂ ಇಪ್ಪತ್ತು ಹಾಕ್ತಿದ್ವಿ. ನೀನು ಎರಡು ನಮೂನೆ ಮಾಡಿದೀಯ, ಓದಿದವನಲ್ವಾ. ಈ ಹಾಸಿಗೆ ನಾನು ತಗೊಳ್ಳಲ್ಲ. ಹೋಗು, ಎಣಿಸು." ಗಡಿಯಾರ ಬಿಚ್ಚಿ ಅವನ ಕೈಗೆ ಕೊಟ್ಟರು.

ಹಾಸಿಗೆಯ ಪಕ್ಕ ನಿಂತ. ದರ್ಜಿಯ ಬೆರಳುಗಳು ಹೊದಿಕೆಯ ಅಂಚನ್ನು ಬಟ್ಟೆ ಪರೀಕ್ಷಿಸುವಂತೆ ಉಜ್ಜುತ್ತಿದ್ದವು. ಉಸಿರು ಎದೆಯ ಮೇಲ್ಭಾಗದಲ್ಲಷ್ಟೇ ಆಡುತ್ತಿತ್ತು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಇಪ್ಪತ್ತು ಉಸಿರು ಮುಗಿದಾಗ ಮುಳ್ಳಿನ್ನೂ ನಲವತ್ತು ಸೆಕೆಂಡ್ ದಾಟಿ ಸ್ವಲ್ಪವೇ ಮುಂದೆ ಹೋಗಿತ್ತು. ನಿಮಿಷಕ್ಕೆ ಇಪ್ಪತ್ತೆಂಟು. ದರ್ಜಿಯ ಹೆಂಡತಿ ಏನೂ ಕೇಳಲಿಲ್ಲ, ಅವನ ಮುಖವನ್ನೇ ನೋಡಿದರು. ಬೆಳಗ್ಗೆ ಕೇಳಿಯಾಗಿತ್ತಲ್ಲ.

ವಾಪಸ್ ಬಂದು 'ಇಪ್ಪತ್ತು' ಎಂಬುದರ ಮೇಲೆ ಒಂದೇ ಗೆರೆ ಎಳೆದ. ಪಕ್ಕದಲ್ಲಿ ಇಪ್ಪತ್ತೆಂಟು, ವೇಳೆ, ಸಹಿ. ಅವಸರದಲ್ಲಿ ಮುತ್ತು ಉದುರಿತು. ಅಕ್ಷರ ಡಾಕ್ಟರರ ಚೀಟಿಯಂತಾಯಿತು.

"ಆಮ್ಲಜನಕ ನಾನು ಹಾಕ್ತೀನಿ. ಫೋನ್ ನೀನು ಮಾಡು," ಎಂದರು ಸಿಸ್ಟರ್. "ನಾಲ್ಕೂ ಚೌಕ ಹೇಳು. ಆರ್ ನುಂಗಬೇಡ."

ಸರ್ಜನ್ ಊಟದಲ್ಲಿದ್ದರು. "ಏನ್ರೀ?"

"ಸರ್, ಸರ್ಜರಿ ವಾರ್ಡಿಂದ. ಒಂಬತ್ತನೇ ಹಾಸಿಗೆ, ದರ್ಜಿ. ಉಸಿರು ಇಪ್ಪತ್ತೆಂಟು, ನಾಡಿ ನೂರಾಇಪ್ಪತ್ತು, ಬಿಪಿ ನೂರು ಬೈ ಅರವತ್ತು. ಕರುಳು ಹೊಲಿದು ಐದನೇ ದಿನ. ಬೆಳಗ್ಗೆಯಿಂದ ನಾಡಿ ಏರ್ತಾ ಇದೆ, ಮೂತ್ರ ಇಳೀತಾ ಇದೆ, ಹೊಟ್ಟೆ ಬಿಗಿದಿದೆ."

"ಬೆಳಗ್ಗೆ ನೋಡಿದೀನಲ್ಲ. ಗ್ಯಾಸ್."

ಮೂರು ವರ್ಷದ ಅಭ್ಯಾಸ 'ಸರಿ ಸರ್' ಎಂದು ನಾಲಿಗೆಯ ತುದಿಗೆ ಬಂದು ನಿಂತಿತು. ಸಿಸ್ಟರ್ ದೂರದಿಂದ ನೋಡುತ್ತಿದ್ದರು.

"ನನಗೆ ಹಾಗನ್ನಿಸ್ತಿಲ್ಲ ಸರ್. ಹೊಲಿಗೆ ಬಿಟ್ಟಿರಬಹುದು ಅನ್ನಿಸ್ತಿದೆ. ನೀವು ಈಗಲೇ ಬಂದು ನೋಡಬೇಕು. ಬಾಯಿಗೆ ಏನೂ ಕೊಡದ ಹಾಗೆ ನಿಲ್ಲಿಸಿದೀನಿ. ರಕ್ತಪರೀಕ್ಷೆಗೆ ಕಳಿಸ್ಲಾ?"

ಆ ಕಡೆ ತಟ್ಟೆ ಸರಿದ ಸದ್ದು. "...ಕಳಿಸಿ. ಬರ್ತೀನಿ."

ಹತ್ತು ನಿಮಿಷಕ್ಕೆ ಬಂದರು. ಈ ಸಲ ಹೊಟ್ಟೆಯ ಮೇಲೆ ಇಡೀ ಅಂಗೈ ಇಟ್ಟರು. ಸ್ಕ್ಯಾನ್ ಆಯಿತು, ಸಂಜೆಗೆ ಮುಂಚೆ ದರ್ಜಿ ಆಪರೇಷನ್ ಕೋಣೆಯಲ್ಲಿದ್ದ. ಹೊಲಿಗೆ ಒಂದು ಮೂಲೆಯಲ್ಲಿ ಬಿಟ್ಟಿತ್ತು. ಇನ್ನೊಂದು ಪಾಳಿ 'ಸ್ಟೇಬಲ್' ಆಗಿದ್ದರೆ ಹಾಸಿಗೆ ಖಾಲಿಯಾಗುತ್ತಿತ್ತು.

ನಾಲ್ಕನೇ ದಿನ ಐಸಿಯು ಬಾಗಿಲಲ್ಲಿ ದರ್ಜಿಯ ಹೆಂಡತಿ ಸಿಕ್ಕಿ, "ನೀವು ಫೋನ್ ಮಾಡಿದ್ರಿ ಅಂತೆ, ಪುಣ್ಯಾತ್ಮರು," ಎಂದು ಕೈಮುಗಿದರು.

"ಮುಗೀಬೇಡಿ ಅಮ್ಮ," ಎಂದ. "ಹನ್ನೊಂದಕ್ಕೇ ನೀವು ಹೇಳಿದ್ರಿ. ನಾನು ಎದ್ದಿದ್ದು ಎರಡಕ್ಕೆ."

ಆಕೆ ಕೈ ಇಳಿಸಿದರು. ಮತ್ತೆ ಎತ್ತಲಿಲ್ಲ. ಅದು ನ್ಯಾಯವೇ ಆಗಿತ್ತು.

ತಿಂಗಳ ಕೊನೆಗೆ ಗುಣಮಟ್ಟದ ಮೇಡಂ ಬಂದರು. ಒಂಬತ್ತನೇ ಹಾಸಿಗೆಯ ಹಾಳೆ ನೋಡಿ ಮುಖ ಕಿವುಚಿ, "ಕಾಟು. ಅಕ್ಷರವೂ ಕೆಟ್ಟಿದೆ. ಎಂಬತ್ತೆರಡು," ಎಂದು ಗುರುತು ಹಾಕಿ, "ಮಾದರಿ ನೋಡಿ ಬರೀರಪ್ಪ," ಎಂದು ಅವನ ಹಾಳೆಯನ್ನೇ ಅವನಿಗೆ ತೋರಿಸಿ ಹೋದರು.

ಅವನು ಫಲಕದಿಂದ ಪಿನ್ ಕೀಳಲು ಕೈ ಹಾಕಿದ.

"ಬಿಡು, ಇರ್ಲಿ," ಎಂದರು ಗಡಿಯಾರ ಸಿಸ್ಟರ್. "ನಾಳೆ ಇಬ್ಬರು ಹೊಸ ಹುಡುಗೀರು ಸೇರ್ತಾರೆ. ಸುಳ್ಳು ಹೇಗಿರುತ್ತೆ ಅಂತ ತೋರಿಸಕ್ಕೆ ಇಷ್ಟು ಅಚ್ಚುಕಟ್ಟಾದ್ದು ನನಗೆ ಬೇರೆಲ್ಲೂ ಸಿಗಲ್ಲ. ಪಾಠ ನೀನೇ ಮಾಡು."