ಬರ್ಫಕ್ಕೆ ಹಾಕಿದ ಉಪ್ಪು

ನನ್ನ ಮೊದಲ ನೌಕರಿ ಹುನಗುಂದ ತಾಲೂಕಿನ ಒಂದು ಸಣ್ಣ ದನದ ದವಾಖಾನೆಯಲ್ಲಿ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಭಾಗ ಆಗ ಇನ್ನೂ ವಿಜಾಪುರ ಜಿಲ್ಲೆಗೇ ಸೇರಿತ್ತು. ನನಗೆ ಇಪ್ಪತ್ತಾರು ವಯಸ್ಸು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಜೊತೆಗೆ ನಾನು ಬಹಳ ಚೆಂದ ಬರೆಯುತ್ತೇನೆಂಬ ಭ್ರಮೆ ಬೇರೆ. ಅಪ್ಪ ಸಾಲಿ ಮಾಸ್ತರು. ವ್ಯಾಕರಣ ತಪ್ಪಿದರೆ ಊಟಕ್ಕೆ ಕೂತಲ್ಲೇ ತಿದ್ದುವವರು. ಹಾಗಾಗಿ ಕಾಲುಬಾಯಿ ಬ್ಯಾನಿಯ ಲಸಿಕೆ ಶಿಬಿರದಲ್ಲಿ ಜನರಿಗೆ ತಿಳಿಸಿ ಹೇಳಲು ಒಂದು ಭಾಷಣ ಬರೆದುಕೊಂಡು ಬಾ ಎಂದು ಬಾಗಲಕೋಟೆಯ ಹಿರಿಯ ಡಾಕ್ಟರರು ಹೇಳಿದಾಗ ನನಗೆ ಹಿಗ್ಗೋ ಹಿಗ್ಗು.

ಎರಡು ದಿನ ಕೂತು ನಾಲ್ಕು ಪುಟ ಬರೆದೆ. "ಮಾನ್ಯ ಪಶುಪಾಲಕ ಬಂಧುಗಳೇ, ಲಸಿಕೆಯ ಪ್ರಥಮ ಪ್ರಯೋಗವು ಜಾನುವಾರುಗಳ ಶರೀರದಲ್ಲಿ ಪ್ರತಿರೋಧಕ ಶಕ್ತಿಯನ್ನು ಉದ್ದೀಪಿಸುವುದಾಗಿದ್ದು..." ಎಂದು ಶುರುವಾಗುತ್ತಿತ್ತು. ಈಗ ನೆನಸಿಕೊಂಡರೆ ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳಬೇಕು ಅನಿಸುತ್ತದೆ.

ಅಮೀನಗಡದಿಂದ ಮೂರು ಮೈಲು ಒಳಗಿದ್ದ ಒಂದು ಊರಿನಲ್ಲಿ ಮೊದಲ ಶಿಬಿರ. ಹನುಮಪ್ಪನ ಗುಡಿಯ ಮುಂದೆ ಬೇವಿನ ಮರ, ಅದರ ಕೆಳಗೆ ಜನ, ಜನರ ಹಿಂದೆ ಎತ್ತು, ಆಕಳು, ಎಮ್ಮೆ. ಮೊದಲ ಪುಟ ಮುಗಿಯುವಷ್ಟರಲ್ಲಿ ಅರ್ಧ ಜನ ಆಕಳಿಸುತ್ತಿದ್ದರು. ತಿಂಗಳು ಬಿಟ್ಟು ಮತ್ತೊಂದು ಸೂಜಿ ಹಾಕಿಸಬೇಕೆಂಬ ಎರಡನೇ ಪುಟಕ್ಕೆ ಬಂದಾಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜ ಎದ್ದು ನಿಂತ. ಊರಿಗೇ ಚೆಂದದ ಕಿಲಾರಿ ಜೋಡಿ ಎತ್ತು ಅವನವು. ಆ ಎತ್ತುಗಳನ್ನು ಅವನು ಮೊಮ್ಮಕ್ಕಳಿಗಿಂತ ಹೆಚ್ಚು ಮುದ್ದು ಮಾಡುತ್ತಾನೆಂದು ಅವನ ಹೆಂಡತಿಯೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

"ಡಾಕ್ಟ್ರ, ಒಂದು ಮಾತು ಕೇಳತೇನಿ, ಸಿಟ್ಟ ಆಗಬ್ಯಾಡ್ರಿ. ನಿಮ್ಮ ಸೂಜಿ ಖರೇನ ಹತ್ತೋದಿದ್ರ ತಿಂಗಳ ಬಿಟ್ಟು ಮತ್ತೊಮ್ಮಿ ಯಾಕ? ಹತ್ತೂದಿಲ್ಲಂದ್ರ ಈ ಮೊದಲನೇದರ ಯಾಕ?"

ಜನ ನಕ್ಕರು. ನನಗೆ ಸಿಟ್ಟು ಬಂತು. ಉತ್ತರ ಕಾಗದದಲ್ಲಿತ್ತು, ಆದರೆ ಎಷ್ಟು ಓದಿದರೂ ಅದು ಅಜ್ಜನ ಪ್ರಶ್ನೆಗೆ ಉತ್ತರ ಅನಿಸಲಿಲ್ಲ. ನಾನು ತಡವರಿಸುತ್ತಿದ್ದಾಗ ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿತು. ಅದು ಅಜ್ಜನ ಹೆಂಡತಿ. ಆ ಆಯಿ ಗಂಡನಿಗೇ ಹೇಳುತ್ತಿದ್ದಳು.

"ಗ್ವಾಡಿಗೆ ಸುಣ್ಣ ಹಚ್ಚೂದು ಎಂದಾರ ನೋಡೀರೇನು ನೀವು? ಮೊದಲನೇ ಕೈ ಗ್ವಾಡಿ ಕುಡದ ಬಿಡತೈತಿ. ಎರಡನೇ ಕೈ ಹಚ್ಚಿದ್ರನ ಅದು ನಿಂದ್ರೂದು. ಹಂಗಂತ ಮುಂದಿನ ದೀಪಾವಳಿಗೆ ಹಚ್ಚದ ಬಿಡತೇವೇನು? ಬರೇ ಎತ್ತ ತೊಳಿಯೋರಿಗೆ ಇದೆಲ್ಲಿ ತಿಳೀಬೇಕು!"

ಗುಡಿಯ ಕಟ್ಟೆಯೇ ನಕ್ಕಂತಾಯಿತು. ನಾನು ನನ್ನ ನಾಲ್ಕು ಪುಟ ಮಡಚಿ ಜೇಬಿಗೆ ಹಾಕಿದೆ. ಆಯಿಯ ಮಾತನ್ನೇ ಹಿಡಿದುಕೊಂಡು ನನಗೆ ಬಂದ ಹಾಗೆ ಹೇಳಿದೆ: ಮೊದಲ ಸೂಜಿ ದನದ ಮೈಗೆ ಬ್ಯಾನಿಯ ಗುರುತು ಮಾಡಿಕೊಡುತ್ತದೆ, ಆದರೆ ಆ ಬಲ ಸಣ್ಣದು, ಬೇಗ ಇಳಿದುಹೋಗುತ್ತದೆ. ತಿಂಗಳಿಗೆ ಎರಡನೆಯದು ಬಿದ್ದರೆ ಮೈ ಹಳೆಯ ಗುರುತು ಹಿಡಿದು ಜೋರಾಗಿ ಎದ್ದು ನಿಲ್ಲುತ್ತದೆ. ಅದೂ ಆರು ತಿಂಗಳಿಗೆ ಮಾಸುತ್ತದೆ, ಆಗ ಮತ್ತೆ ಹಾಕಿಸಬೇಕು. ಒಂದನ್ನು ಹಾಕಿಸಿ ಕೈಬಿಟ್ಟರೆ ಒಂದು ಕೈ ಸುಣ್ಣದ ಗೋಡೆಯೇ. ಜನ ತಲೆಯಾಡಿಸಿದರು. ಅಜ್ಜ ಹೆಂಡತಿಯ ಕಡೆ ಒಮ್ಮೆ ಗುರಾಯಿಸಿ, ಆಮೇಲೆ ತನ್ನ ಜೋಡಿಯನ್ನೇ ಎಲ್ಲಕ್ಕಿಂತ ಮೊದಲು ಹಿಡಿದು ತಂದ.

ಜನ ಕೇಳುತ್ತಾರೆಂದ ಮೇಲೆ ನನ್ನ ಬಾಯಿಗೆ ಹಿಡಿತ ಉಳಿಯಲಿಲ್ಲ. ಮದ್ದನ್ನು ತಂಪಿನಲ್ಲಿ ಯಾಕೆ ಇಡುತ್ತೇವೆಂದು ಹೇಳತೊಡಗಿದೆ. ಬಿಸಿಲಿಗಿಟ್ಟ ಹಾಲು ಕೆಟ್ಟರೆ ವಾಸನೆ ಬರುತ್ತದೆ, ಮದ್ದು ಕೆಟ್ಟರೆ ವಾಸನೆಯೂ ಇಲ್ಲ, ಬಣ್ಣವೂ ಬದಲಾಗುವುದಿಲ್ಲ. ದನಕ್ಕೆ ಸೂಜಿ ಚುಚ್ಚಿದ ನೋವೊಂದೇ ಉಳಿಯುತ್ತದೆ ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಪುಣ್ಯ ಬರುತ್ತಿತ್ತು. ಕೈ ಎತ್ತಿ, "ಎಷ್ಟು ತಂಪೋ ಅಷ್ಟು ಚಲೋ!" ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಎರಡು ಡಿಗ್ರಿಯಿಂದ ಎಂಟು ಡಿಗ್ರಿಯ ನಡುವೆ ಇರಬೇಕು, ಅದಕ್ಕಿಂತ ಇಳಿದು ಗಡ್ಡೆ ಕಟ್ಟಬಾರದು ಎಂದು ಕಾಲೇಜಿನಲ್ಲಿ ಕಲಿತದ್ದು ಆ ಚಪ್ಪಾಳೆಯಲ್ಲಿ ಎಲ್ಲಿ ಹೋಯಿತೋ!

ತಿಂಗಳು ಕಳೆಯುವಷ್ಟರಲ್ಲಿ ಕಮತಗಿ ಕಡೆಯ ಊರೊಂದರಲ್ಲಿ ಕಾಲುಬಾಯಿ ಬ್ಯಾನಿ ಬಂದ ಸುದ್ದಿ ಹಬ್ಬಿತು. ದನಗಳ ಬಾಯಿಂದ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು. ಬಿತ್ತಿಗೆಗೆ ಮುಂಚೆ ಎತ್ತು ಕುಂಟಿದರೆ ಹೊಲಕ್ಕೆ ಇಳಿಸುವಂತಿಲ್ಲ. ಮೊದಲ ಶಿಬಿರ ನಡೆದ ಊರಿನ ದನಗಳಿಗೆ ಎರಡನೇ ಸೂಜಿ ಬೀಳಲೇಬೇಕಾದ ಹೊತ್ತು ಅದು. ನಾನು ಬಾಗಲಕೋಟೆಗೆ ಹೋಗಿ, ಅಲ್ಲಿಯ ಫ್ರಿಜ್ಜಿನಿಂದ ಬಾಟಲಿಗಳನ್ನು ತೆಗೆಸಿ, ಅರಿವೆ ಸುತ್ತಿ, ಥರ್ಮಾಕೋಲಿನ ಡಬ್ಬಿಯಲ್ಲಿ ಬರ್ಫದ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹೆಂಗಸು ಡಬ್ಬಿಯನ್ನೇ ನೋಡಿ ನೋಡಿ, "ಅದರಾಗ ಐಸ್‌ಕ್ಯಾಂಡಿ ಅದಾವೇನ್ರಿ?" ಎಂದಳು. ದನದ ಮದ್ದು ಎಂದೊಡನೆ ದೂರ ಸರಿದು ಕೂತಳು. ಕಿಟಕಿ ಪಕ್ಕದ ಜಾಗ ಪುಕ್ಕಟೆ ಸಿಕ್ಕಿತು.

ಊರು ಮುಟ್ಟಿದಾಗ ಸಂಜೆ. ಶಿಬಿರ ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಪಕ್ಕದ ಊರಿನಿಂದ ಒಬ್ಬ ಓಡಿ ಬಂದ. ಅವನ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಡಬ್ಬಿ ಯಾರಿಗೆ ಒಪ್ಪಿಸುವುದು? ಅಜ್ಜ ಮುಂದೆ ಬಂದ. ಅವನ ಮನೆಯ ನಡುಮನಿಗೆ ಮೊಳಗಟ್ಟಲೆ ದಪ್ಪ ಮಣ್ಣಿನ ಗೋಡೆ, ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು.

"ನೀವು ಹೋಗಿ ಬರ್ರಿ ಡಾಕ್ಟ್ರ. ನಿಮ್ಮ ಮಾತು ನನಗ ಬಾಯಿಪಾಠ ಅದಾವ. ಕಣ್ಣಾಗ ಕಣ್ಣಿಟ್ಟು ಕಾಯತೇನಿ."

ಬರ್ಫ ಕರಗಿದರೆ ಹೊಸದು ಹಾಕಿರೆಂದು ಹೇಳಿ ನಾನು ಹೊರಟೆ.

ಬೆಳಿಗ್ಗೆ ತಿರುಗಿ ಬಂದಾಗ ಬೇವಿನ ಮರದ ಕೆಳಗೆ ಜಾಗವೇ ಇರಲಿಲ್ಲ. ಮೊದಲ ಶಿಬಿರಕ್ಕಿಂತ ಹೆಚ್ಚು ದನ. ನನ್ನ ಎದೆ ಉಬ್ಬಿತು. ಡಬ್ಬಿಯ ಮುಚ್ಚಳ ತೆಗೆದೆ. ನಾನು ಸುತ್ತಿದ್ದ ಅರಿವೆಗಳನ್ನು ಚೊಕ್ಕಟವಾಗಿ ಮಡಚಿ ಒಂದು ಕಡೆ ಇಟ್ಟಿದ್ದರು. ಬಾಟಲಿಗಳು ನೇರ ಬರ್ಫದಲ್ಲಿ ಹೂತುಕೊಂಡಿದ್ದವು. ಒಂದು ಬಾಟಲಿ ಸೀಳು ಬಿಟ್ಟಿತ್ತು. ಉಳಿದವುಗಳಲ್ಲಿ ಮದ್ದು ಗಟ್ಟಿ ಗಡ್ಡೆ.

"ಯಾರ್ ಮಾಡಿದ್ರಿ ಇದನ್ನ?" ಎಂದು ಕೂಗಿದೆ.

"ನಾನ ರಿ," ಎಂದ ಅಜ್ಜ, ಬಹುಮಾನ ಇಸಿದುಕೊಳ್ಳುವವನ ಹಾಗೆ ಮುಂದೆ ಬಂದು. ಬರ್ಫ ಕರಗತೊಡಗಿದ್ದು ನೋಡಿ ತಾನೇ ಬಂಡಿ ಕಟ್ಟಿಕೊಂಡು ಅಮೀನಗಡಕ್ಕೆ ಹೋಗಿದ್ದನಂತೆ. ಅಲ್ಲಿ ಐಸ್‌ಕ್ಯಾಂಡಿ ಮಾಡುವವನು ಬರ್ಫದ ಮೇಲೆ ಉಪ್ಪು ಸುರಿಯುತ್ತಿದ್ದ. ಯಾಕೆಂದು ಕೇಳಿದರೆ ಉಪ್ಪು ಹಾಕಿದರೆ ಬರ್ಫಕ್ಕಿಂತ ತಂಪು ಆಗುತ್ತದೆ, ಅದಕ್ಕೇ ಕ್ಯಾಂಡಿ ಗಟ್ಟಿಯಾಗುವುದು ಎಂದು ಅವನು ಹೇಳಿದ. "ನೀವ ಅಂದಿದ್ರೆಲ್ಲಾ, ಎಷ್ಟು ತಂಪೋ ಅಷ್ಟು ಚಲೋ ಅಂತ? ಅದಕ್ಕ ಎರಡು ಸೇರು ಉಪ್ಪು ಹಾಕೇನಿ. ಅರಿವಿ ಸುತ್ತಿದ್ರ ತಂಪು ಹೆಂಗ ಹತ್ತೀತು ಅಂತ ಅದನ್ನೂ ಬಿಚ್ಚೇನಿ."

ಬಾಯಿತನಕ ಬಂದಿದ್ದ ಬೈಗುಳ ಹಾಗೇ ಒಳಗಿಳಿಯಿತು. ಬೈಯಬೇಕೆಂದರೆ ನನ್ನನ್ನೇ ಬೈದುಕೊಳ್ಳಬೇಕಿತ್ತು.

ಒಂದು ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಕರಗಿಸಿದೆ. ಕುಲುಕಿ ನಿಲ್ಲಿಸಿದೆ. ಒಳ್ಳೆಯ ಮದ್ದಾದರೆ ಕುಲುಕಿದ ಮೇಲೆ ಬಹಳ ಹೊತ್ತು ತೆಳ್ಳನೆಯ ಹಾಲಿನ ಹಾಗೆ ಒಂದೇ ಸಮ ಇರುತ್ತದೆ. ಮದ್ದನ್ನು ಹಿಡಿದಿಡಲು ಅದರಲ್ಲಿ ಒಂದು ಬಿಳಿ ಲೋಳೆ ಬೆರೆಸಿರುತ್ತಾರೆ. ಒಮ್ಮೆ ಗಡ್ಡೆ ಕಟ್ಟಿತೆಂದರೆ ಆ ಲೋಳೆ ಒಡೆಯುತ್ತದೆ, ಮತ್ತೆ ಕೂಡುವುದಿಲ್ಲ. ನನ್ನ ಕಣ್ಣ ಮುಂದೆಯೇ ಅದು ಚೂರುಚೂರಾಗಿ ತಳಕ್ಕೆ ಇಳಿಯಿತು, ಮೇಲೆ ತಿಳಿನೀರು ನಿಂತಿತು.

ಇಲ್ಲಿ ಒಂದು ಮಾತು ಮುಚ್ಚಿಡಲಾರೆ. ಚುಚ್ಚಿಬಿಡೋಣ ಎಂದು ನನಗೆ ಅನಿಸಿತ್ತು. ಇಷ್ಟು ಜನ ಹೊಲಮನೆಯ ಕೆಲಸ ಬಿಟ್ಟು ಬಂದಿದ್ದಾರೆ, ಈಗ ವಾಪಸು ಕಳಿಸಿದರೆ ಮತ್ತೆ ಬರುವುದಿಲ್ಲ, ಮೇಲಿನವರ ಮುಂದೆ ನನ್ನ ಮಾನ ಹೋಗುತ್ತದೆ. ಒಂದಿಷ್ಟು ಬಲವಾದರೂ ಉಳಿದಿರಬಹುದು, ಯಾರಿಗೂ ಗೊತ್ತಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಜ್ಜ ತನ್ನ ಬಿಳಿಯ ಎತ್ತಿನ ಕೊರಳು ತುರಿಸುತ್ತ, ಇನ್ನು ಯಾಕೆ ತಡ ಎಂಬಂತೆ ನನ್ನನ್ನೇ ನೋಡುತ್ತಿದ್ದ. ಈ ನೀರು ಚುಚ್ಚಿಸಿ ಅವನು ಧೈರ್ಯವಾಗಿ ಎತ್ತುಗಳನ್ನು ಬ್ಯಾನಿ ಬಿದ್ದ ದನಗಳ ಜೊತೆ ನೀರಿಗೆ ಬಿಡುತ್ತಾನಲ್ಲ ಅನಿಸಿ ಬಾಟಲಿಯನ್ನು ಕೆಳಗಿಟ್ಟೆ.

ಕಟ್ಟೆ ಹತ್ತಿ ನಿಂತು ಹೇಳಿದೆ: ಮದ್ದು ಕೆಟ್ಟಿದೆ, ಕೆಡಿಸಿದ್ದು ಅಜ್ಜನ ಕೈಯಲ್ಲ, ನನ್ನ ಮಾತು. ತಂಪಿರಬೇಕು, ಗಡ್ಡೆಯಾಗಬಾರದು ಎಂದು ಹೇಳಬೇಕಿತ್ತು, ಅರ್ಧ ಮಾತ್ರ ಹೇಳಿದೆ. ಗುಂಡಿ ತೋಡಿಸಿ ಅಷ್ಟನ್ನೂ ಎಲ್ಲರ ಎದುರಿಗೇ ಸುರಿಸಿದೆ. ಜನ ಗುಸುಗುಸು ಎನ್ನುತ್ತ ದನ ಹೊಡೆದುಕೊಂಡು ಹೋದರು. "ಬರೀ ನೀರ ತಂದಿದ್ನೋ ಏನೋ," ಎಂದು ಒಬ್ಬ ನನಗೆ ಕೇಳುವ ಹಾಗೆಯೇ ಅಂದ. ಅಜ್ಜ ಮಾತ್ರ ಗುಂಡಿಯ ಪಕ್ಕ ಕೂತೇ ಇದ್ದ. ಅವನ ಮುಖ ನೋಡಲು ನನಗೆ ಸಂಕಟವಾಯಿತು.

ಬಾಗಲಕೋಟೆಯಲ್ಲಿ ಹಿರಿಯ ಡಾಕ್ಟರರು ಮೊದಲು ಬೈದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಕೊನೆಗೆ ಬೇರೆ ಬಾಟಲಿ ಕೊಡಿಸಿದರು. ಅಂದಿನಿಂದ ದವಾಖಾನೆಯವರಿಗೆಲ್ಲ ನಾನು ಉಪ್ಪಿನ ಡಾಕ್ಟರ್. ನಾಲ್ಕನೆಯ ದಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಚಿಂತೆ: ಬೇವಿನ ಮರದ ಕೆಳಗೆ ಯಾರೂ ಇಲ್ಲದಿದ್ದರೆ?

ಹೋಗಿ ನೋಡಿದರೆ ದನ ತುಂಬಿದ್ದವು. ಅಜ್ಜ ಮೂರು ದಿನ ಮನೆಮನೆ ತಿರುಗಿದ್ದನಂತೆ. ಕಟ್ಟೆಯ ಮೇಲೆ ನಿಂತು ಅವನೇ ಭಾಷಣ ಮಾಡುತ್ತಿದ್ದ, ನನ್ನದಕ್ಕಿಂತ ನೂರು ಪಾಲು ಚೆಂದ. "ತಂಪು ಬೇಕ್ರೆಪಾ, ಆದ್ರ ಗಡ್ಡಿ ಆಗಬಾರದು. ಅರಿವಿ ಸುತ್ತಬೇಕು, ಉಪ್ಪು ಹಾಕಬಾರದು. ಕೆಡಿಸಿದಾವ ನಾನ ಅದೇನಿ, ನನಗಿಂತ ಚಲೋ ಯಾರಿಗೆ ಗೊತ್ತೈತಿ?"

ಮೊನ್ನೆ ಬರೀ ನೀರು ಎಂದಿದ್ದ ಮನುಷ್ಯನೇ ಈಗಲೂ ಎದ್ದ. "ಅದೆಲ್ಲಾ ಖರೆ ಅಜ್ಜಾ. ಇವತ್ತ ತಂದದ್ದು ಕೆಟ್ಟಿಲ್ಲಂತ ನಮಗ ಹೆಂಗ ತಿಳೀಬೇಕು? ನೋಡಾಕ ಎಲ್ಲಾ ಒಂದ ನಮೂನಿ ಇರತಾವ."

ಮರದ ಕೆಳಗೆ ಎಲ್ಲರೂ ನನ್ನ ಕಡೆ ತಿರುಗಿದರು. ಉತ್ತರ ಹೇಳಬೇಕಾದವನು ನಾನು. ಲೋಳೆ, ಡಿಗ್ರಿ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜ ನನ್ನ ಕಡೆ ಕೈಮಾಡಿ, "ಕೆಟ್ಟಿದ್ರ ಈತ ಚೆಲ್ಲತಾನಪಾ. ನಾ ಕಣ್ಣಾರೆ ನೋಡೇನಿ," ಎಂದು, ಜೋಡಿಯ ಹಗ್ಗ ಹಿಡಿದುಕೊಂಡು ಕಟ್ಟೆ ಇಳಿದು ಬಂದ.

ಮೊದಲ ಹತ್ತು ದನಗಳಿಗೆ ಚುಚ್ಚುವಷ್ಟು ಹೊತ್ತು ನಾನು ಯಾರ ಮುಖವನ್ನೂ ನೋಡಲಿಲ್ಲ. ನಾಚಿಕೆಯಿಂದ ಕಣ್ಣು ತುಂಬಿದ್ದವು, ಖುಷಿಯಿಂದಲೂ.