ಪಾಲಕರ ಸಹಿ

ನಮ್ಮ ಓಣಿಯ ಸರ್ ಇಳಕಲ್ಲಿನಲ್ಲಿ ಎಲ್ಲಿ ಭೇಟಿಯಾದರೂ, ಜೊತೆಯಲ್ಲಿದ್ದವರಿಗೆ ನನ್ನನ್ನು ಪರಿಚಯಿಸುವ ರೀತಿ ಒಂದೇ. “ಇವನ್ನ ಕಾಲೇಜಿಗೆ ಹಚ್ಚಿದಾಂವ ನಾನ. ಕಾಗದದಾಗ ಇವನ ಪಾಲಕ ನಾನ ಇದ್ದೆ,” ಎನ್ನುತ್ತಾರೆ. ನಾನು “ಹೌದ್ರಿ ಸರ” ಎಂದು ತಲೆಯಾಡಿಸುತ್ತೇನೆ. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಸುಳ್ಳಿದ್ದಿದ್ದರೆ ಉತ್ತರ ಕೊಡುವುದು ನನಗೆ ಸುಲಭವಾಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಭಾಗವದು. ಹುನಗುಂದದಲ್ಲಿ ಪಿಯುಸಿ ಮುಗಿಸಿದ್ದೆ. ನಮ್ಮ ಮನೆಯಲ್ಲಿ ಅಷ್ಟು ದೂರ ಓದಿದವರು ಯಾರೂ ಇರಲಿಲ್ಲ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುವವನು, ಅಕ್ಷರ ಬಾರದು. ಓಣಿಯ ಮೇಲುತುದಿಯಲ್ಲಿ ಮನೆಯಿದ್ದ ಸರ್ ಆಗ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ಆ ವಿಷಯದ ವಿಭಾಗ ಅಲ್ಲಿ ಹೊಸದು. ರಜೆಗೆ ಬಂದಾಗ ಅವರು ನಮ್ಮ ಕಟ್ಟೆಯ ಮೇಲೆ ಕುಳಿತು, “ಹುಡುಗನ್ನ ನನ್ನ ಕೂಡ ಕಳಸ್ರಿ, ಬಿಎಸ್ಸಿ ಮಾಡಸ್ತೇನಿ,” ಎಂದರು. ಅಪ್ಪ ಅಂದು ಮಗ್ಗಕ್ಕೆ ಇಳಿಯಲೇ ಇಲ್ಲ. ಸರ್ ನಮ್ಮ ಮನೆಯ ಚಹಾ ಕುಡಿದು ಹೋದರೆಂಬುದನ್ನು ಸಂಜೆಯವರೆಗೂ ಬಂದವರಿಗೆಲ್ಲ ಹೇಳಿದ.

ಪ್ರವೇಶದ ದಿನ ಮೂವರೂ ಕಾಲೇಜಿನ ಕಚೇರಿಗೆ ಹೋದೆವು. ನನ್ನ ಎಸ್ಸೆಸ್ಸೆಲ್ಸಿಯ ಮೂಲ ಅಂಕಪಟ್ಟಿ, ಪಿಯುಸಿಯ ಅಂಕಪಟ್ಟಿ, ಹುನಗುಂದದಿಂದ ತಂದ ಟಿ.ಸಿ. ಇವಿಷ್ಟನ್ನೂ ಗುಮಾಸ್ತರು ಅರ್ಜಿಯ ಹಿಂದೆ ಇಟ್ಟು, ಸೂಜಿದಾರ ಹಾಕಿ ಬಿಗಿದರು. ಅಪ್ಪನಿಗೆ ಕಳವಳವಾಯಿತು.

“ಹೊಳ್ಳಿ ಕೊಡ್ತಾರಲ್ರಿ ಸರ?”

“ಮನ್ಯಾಗಿಟ್ರ ಇಲಿ ತಿಂತಾವು. ಇಲ್ಲಿ ಕಬ್ಬಿಣದ ಕಪಾಟಿನ್ಯಾಗ ಇರ್ತಾವು. ನಾ ಇಲ್ಲೇ ಇದ್ದೇನಲ್ಲ,” ಎಂದು ಸರ್ ನಕ್ಕರು.

ಪಾಲಕರ ಸಹಿಯ ಜಾಗ ಬಂದಾಗ ಗುಮಾಸ್ತರು ಶಾಯಿಯ ಪ್ಯಾಡನ್ನು ಅಪ್ಪನ ಕಡೆಗೆ ಸರಿಸಿದರು. ಅಪ್ಪ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಆದರೆ ಸುತ್ತ ನಿಂತಿದ್ದ ಪ್ಯಾಂಟಿನ ತಂದೆಯರನ್ನು ನೋಡಿ ಕೈ ಹಿಂದಕ್ಕೆಳೆದುಕೊಂಡ. “ಹುಡುಗನ ಕಾಗದದ ಮ್ಯಾಲ ನನ್ನ ಹೆಬ್ಬಟ್ಟು ಯಾಕ್ರಿ? ನೀವ ಮಾಡ್ರಿ ಸರ. ಊರಿಗೆ ನೀವ ಹಿರ್ಯಾರು.” ಸರ್ ಜೇಬಿನ ಪೆನ್ನು ತೆಗೆದು ಇಂಗ್ಲಿಷಿನಲ್ಲಿ ಸಹಿ ಮಾಡಿದರು. ಎಷ್ಟು ಚೆಂದದ ಸಹಿ! ಹೊರಗೆ ಬಂದ ಮೇಲೆ ಅಪ್ಪ, “ಹಡದಾಂವ ನಾ, ಪಾಲಕ ಅವ್ರು. ಇನ್ನ ನಿನಗ ಇಬ್ಬರು ಅಪ್ಪಗೋಳು, ಹುಷಾರಾಗಿರು,” ಎಂದು ನನ್ನ ಬೆನ್ನು ಚಪ್ಪರಿಸಿದ. ನಮ್ಮಂಥವರು ಮಾತ್ರ ಮಾಡುವ ತಪ್ಪು ಅದು. ಅಂದು ನಮಗೆ ಅದು ಗೌರವವೆನಿಸಿತ್ತು.

ಕಾಲೇಜು ಆರಂಭವಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಒಂದು ಗುರುವಾರ ಅಪ್ಪ ಬಾಗಲಕೋಟೆಯ ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಅಂಗಿಯ ಒಳಜೇಬಿನಿಂದ ಸರಕಾರಿ ಲಕೋಟೆಯೊಂದನ್ನು ತೆಗೆದ. ಬೇಸಿಗೆಯಲ್ಲಿ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದ್ದೆ. ಬಾದಾಮಿಯಲ್ಲಿ ಸೀಟು ಸಿಕ್ಕಿತ್ತು. ತರಬೇತಿ ಮುಗಿದರೆ ಪ್ರಾಥಮಿಕ ಶಾಲೆಯ ನೌಕರಿ ಹೆಚ್ಚುಕಡಿಮೆ ಖಚಿತವೆಂದು ಆಗ ಎಲ್ಲರೂ ನಂಬಿದ್ದರು. ಪತ್ರದಲ್ಲಿ ಬರೆದಿತ್ತು: ಬರುವ ಸೋಮವಾರ ಕಚೇರಿಯ ವೇಳೆ ಮುಗಿಯುವುದರೊಳಗೆ ಮೂಲ ಅಂಕಪಟ್ಟಿ ಮತ್ತು ಟಿ.ಸಿ.ಯೊಂದಿಗೆ ಹಾಜರಾಗಬೇಕು, ತಪ್ಪಿದಲ್ಲಿ ಸೀಟನ್ನು ಪಟ್ಟಿಯಲ್ಲಿರುವ ಮುಂದಿನವರಿಗೆ ಕೊಡಲಾಗುವುದು.

“ಓಣ್ಯಾಗ ಎಲ್ಲಾರಿಗೂ ಓದಿಸೇನಿ,” ಎಂದ ಅಪ್ಪ. “ಮಾಸ್ತರ್ ಆಗ್ತಿ ಅಂದ್ರು.”

ಮರುದಿನ ಕಚೇರಿಗೆ ಹೋಗಿ ಕಾಲೇಜು ಬಿಡುವುದಾಗಿ ಅರ್ಜಿ ಬರೆದುಕೊಟ್ಟೆ. ಗುಮಾಸ್ತರು ಸಿಟ್ಟಾಗಲಿಲ್ಲ. ಕಟ್ಟಿದ ಫೀ ಹಿಂದಿರುಗಿ ಬಾರದು ಎಂದರು; ಅಪ್ಪ ಒಪ್ಪಿದ. ಗ್ರಂಥಾಲಯ, ಪ್ರಯೋಗಶಾಲೆ, ಆಟದ ವಿಭಾಗ, ಈ ಮೂರೂ ಕಡೆ ಬಾಕಿಯಿಲ್ಲವೆಂದು ಬರೆಸಿಕೊಂಡು ಬರಬೇಕು, ಆಮೇಲೆ ಪ್ರಾಚಾರ್ಯರು ಆದೇಶ ಬರೆಯುತ್ತಾರೆ, ಹುನಗುಂದದ ಟಿ.ಸಿ. ಕಾಲೇಜಿನ ದಫ್ತರದಲ್ಲೇ ಉಳಿಯುತ್ತದೆ, ಅದರ ಬದಲು ತಾವೇ ಹೊಸ ಟಿ.ಸಿ. ಕೊಡುತ್ತಾರೆ; ಅಂಕಪಟ್ಟಿಗಳು ಮಾತ್ರ ಇದ್ದ ಹಾಗೆಯೇ ಮರಳುತ್ತವೆ. ಇದನ್ನೆಲ್ಲ ಅವರು ಸಾವಧಾನವಾಗಿ ವಿವರಿಸಿದರು. ಅರ್ಜಿಯನ್ನು ಮರಳಿ ಇಸಿದುಕೊಂಡು, ಮಧ್ಯಾಹ್ನದೊಳಗೆ ಪುಸ್ತಕ ಮರಳಿಸಿ ಅದರ ಮೇಲೆ ಮೂರು ಸಹಿಗಳನ್ನೂ ತಂದೆ.

“ಇನ್ನ ಪಾಲಕರದೊಂದು,” ಎಂದರು ಗುಮಾಸ್ತರು.

ಅಪ್ಪ ಮುಂದೆ ಬಂದು ಹೆಬ್ಬೆರಳು ಚಾಚಿದ. ಗುಮಾಸ್ತರು ಪ್ರವೇಶದ ಅರ್ಜಿಯನ್ನು ತೆರೆದು ನೋಡಿ ತಲೆಯಾಡಿಸಿದರು.

“ಇವ ನಿಮ್ಮ ಮಗ ಅಂತ ನನಗ ಗೊತ್ತೈತ್ರಿ, ಯಜಮಾನ್ರ. ಕಾಗದಕ್ಕ ಗೊತ್ತಿಲ್ಲಲ್ಲ. ಸೇರಿಸುವಾಗ ಯಾರು ಸಹಿ ಮಾಡ್ಯಾರೋ ಬಿಡಿಸುವಾಗೂ ಅವರ ಮಾಡಬೇಕು.”

ನಮಗೆ ಆತಂಕವಾಗಲಿಲ್ಲ. ಸಹಿ ಮಾಡಬೇಕಾದವರು ನಮ್ಮ ಸರ್ ಅಲ್ಲವೇ? ಸಿಬ್ಬಂದಿಯ ಕೋಣೆಯ ಹೊರಗೆ ಅವರನ್ನು ಕಂಡೆವು. ಅವರು ಪತ್ರವನ್ನು ಓದಿ ನನ್ನ ಮುಖ ನೋಡಿದರು.

“ಪ್ರೈಮರಿ ಮಾಸ್ತರಕಿ! ಸುಣ್ಣದ ಕಡ್ಡಿ ಹಿಡದು ಸಾಯ್ತಿಯೇನಲೇ? ಡಿಗ್ರಿ ಆಗಲಿ, ಆಫೀಸರ್ ಆಗ್ತಿ.”

“ಡಿಗ್ರಿ ಆಮ್ಯಾಲೂ ಮಾಡ್ತಾನ್ರಿ ಸರ,” ಎಂದ ಅಪ್ಪ. “ಇದು ಕೈಗೆ ಬಂದದ್ದು.”

“ಈಗ ಪಾಠದ ಹೊತ್ತು. ನಾಳೆ ಮಾಡೋಣು.”

ಮರುದಿನ ಶನಿವಾರ. ಸರ್ ಕಾಲೇಜಿಗೆ ಬಂದಿರಲಿಲ್ಲ. ತುಳಸಿಗೇರಿಗೆ ಹನುಮಪ್ಪನ ದರ್ಶನಕ್ಕೆ ಹೋಗಿದ್ದಾರೆಂದು ಮನೆಯವರು ಹೇಳಿದರು. ಬಸ್ಸು ಹಿಡಿದು ಅಲ್ಲಿಗೇ ಹೋದೆವು. ಗುಡಿಯ ಹೊರಗೆ ಅವರು ಚಪ್ಪಲಿ ಮೆಟ್ಟುತ್ತಿದ್ದರು. ಅಪ್ಪ ಅರ್ಜಿಯನ್ನು ಚಾಚಿದ. ಸರ್ ಅದನ್ನು ಮುಟ್ಟದೆ, ನನ್ನ ಕೈಯಲ್ಲಿ ತೆಂಗಿನಕಾಯಿಯ ಹೋಳು ಇಟ್ಟರು.

“ದೇವರ ಮುಂದ ನಿಂತು ಹೇಳ್ತೇನಿ. ಸೋಮವಾರ ಮುಂಜಾನೆ ನಾನ ಕಚೇರಿಗೆ ಬಂದು ಸಹಿ ಮಾಡ್ತೇನಿ. ಮಧ್ಯಾಹ್ನ ಬಾದಾಮಿ ಮುಟ್ಟಬಹುದು.”

“ಇಲ್ಲೇ ಒಂದ ಗೀಟು ಎಳದಬಿಟ್ರ...” ಎಂದ ಅಪ್ಪ.

“ಪೆನ್ನ ತಂದಿಲ್ರಿ ಮಾರಾಯ್ರ. ನನ್ನ ಮ್ಯಾಲ ನಂಬಿಗಿ ಇಲ್ಲೇನು?”

ನನ್ನ ಜೇಬಿನಲ್ಲಿ ಪೆನ್ನಿತ್ತು. ಅಪ್ಪ ನನ್ನ ಕಡೆ ನೋಡಿ, ಬೇಡವೆಂದು ಕಣ್ಣಲ್ಲೇ ಹೇಳಿದ. ಆ ಪ್ರಶ್ನೆ ಕೇಳಿಸಿಕೊಂಡ ಮೇಲೆ ಪೆನ್ನು ತೆಗೆಯುವುದೆಂದರೆ ಅವರ ಮುಖಕ್ಕೆ ಹೊಡೆದಂತೆ ಎಂದು ಅವನು ಭಾವಿಸಿದ. ಬಸ್ಸಿನಲ್ಲಿ ಮರಳುವಾಗ ತೆಂಗಿನ ಹೋಳನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಸೋಮವಾರ ಬೆಳಿಗ್ಗೆ ಕಾಲೇಜಿನ ಆವರಣಕ್ಕೆ ನೀರು ಚಿಮುಕಿಸಿದ್ದರು. ಕಚೇರಿಯ ಮುಂದೆ ರಂಗೋಲಿಯಿತ್ತು. ಸರ್ ಕೋಟು ಹಾಕಿಕೊಂಡು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

“ವಿಶ್ವವಿದ್ಯಾಲಯದ ಕಮಿಟಿ ಬಂದೈತಿ. ಪ್ರಾಚಾರ್ಯರು ಅವರ ಕೂಡ ಇದ್ದಾರ. ಅವರು ಹೋಗೂತನಕ ನೀ ಕ್ಲಾಸಿನ್ಯಾಗ ಕೂಡು, ಎದ್ದ ಕೂಡಲೆ ಸಹಿ.” ಅಪ್ಪನ ಕಡೆ ತಿರುಗಿ, “ನೀವು ಆ ಬೇವಿನ ಗಿಡದ ಕೆಳಗ ಕುಂದರ್ರಿ,” ಎಂದರು.

ನಾನು ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತೆ. ನಮ್ಮ ವಿಭಾಗದಲ್ಲಿ ವಿದ್ಯಾರ್ಥಿಗಳು ಬಹಳ ಕಡಿಮೆ. ಮಧ್ಯಾಹ್ನ ದಾಟಿದ ಮೇಲೆ ಸಮಿತಿಯವರು ಒಳಗೆ ಬಂದರು. ಹಾಜರಿ ಕೂಗಿದರು, ನನ್ನ ಹೆಸರು ಬಂದಾಗ “ಉಪಸ್ಥಿತ” ಎಂದೆ. ಅವರಲ್ಲೊಬ್ಬ ಹಿರಿಯರು ನನ್ನನ್ನೇ ಎಬ್ಬಿಸಿ, ಈ ವಿಷಯವನ್ನು ಏಕೆ ಆರಿಸಿಕೊಂಡೆ ಎಂದು ಕೇಳಿದರು. ಕಾಲೇಜು ಬಿಡುವ ಅರ್ಜಿ ನನ್ನ ಜೇಬಿನಲ್ಲಿತ್ತು. “ಇದಕ್ಕೆ ಮುಂದೆ ಒಳ್ಳೆಯ ಭವಿಷ್ಯವಿದೆ, ಸರ್,” ಎಂದು ಪುಸ್ತಕದ ಕನ್ನಡದಲ್ಲಿ ಉತ್ತರಿಸಿದೆ. ಕಿಟಕಿಯಾಚೆ ಬೇವಿನ ಗಿಡದ ಕೆಳಗೆ ಅಪ್ಪ ಎದ್ದು ನಿಂತು, ಬಿಸಿಲು ಎಷ್ಟು ಸರಿಯಿತೆಂದು ನೋಡುತ್ತಿದ್ದ.

ಸಮಿತಿಯ ಕಾರು ಹೊರಟಾಗ ನೆರಳು ಉದ್ದವಾಗಿತ್ತು. ಸರ್ ಬಹಳ ಸಂತೋಷದಲ್ಲಿದ್ದರು. ಕಚೇರಿಯ ಮೇಜಿಗೆ ಬಾಗಿ, ಅದೇ ಚೆಂದದ ಸಹಿಯನ್ನು ಒಂದೇ ಏಟಿಗೆ ಮಾಡಿದರು. ಪ್ರಾಚಾರ್ಯರ ಆದೇಶವೂ ಆಯಿತು. ಗುಮಾಸ್ತರು ದಾರ ಬಿಚ್ಚಿ ಅಂಕಪಟ್ಟಿಗಳನ್ನು ಕೊಟ್ಟು, ಹೊಸ ಟಿ.ಸಿ. ಬರೆದರು. ನಾನು ಮುಟ್ಟಿದ್ದಕ್ಕೆ ರುಜು ಹಾಕಿದೆ.

“ಭಾಳ ಉಪಕಾರ ಆತ್ರಿ ಸರ,” ಎಂದ ಅಪ್ಪ. ಆಗಲೂ ಅವನು ನಂಬಿದ್ದ.

“ಉಪಕಾರ ನಿಮ್ಮದ,” ಎಂದು ಸರ್ ನಕ್ಕರು. “ಒಬ್ಬ ಕಡಿಮಿ ಬಿದ್ದಿದ್ರ ವಿಭಾಗಾನ ಮುಚ್ಚತಿದ್ರು. ನನ್ನ ನೌಕರಿನೂ ಅದರ ಕೂಡ ಹೋಗ್ತಿತ್ತು. ಅದಕ್ಕ ಸೋಮವಾರತನಕ ತಡದೆ ನೋಡ್ರಿ. ನಿಮ್ಮ ಹುಡುಗ ಎಷ್ಟ ಚೆಂದ ಉತ್ತರ ಕೊಟ್ಟ! ಶಾಣ್ಯಾ ಅದಾನ.”

ಅವರು ಅದನ್ನು ಮರೆಮಾಚಲಿಲ್ಲ. ನಾವು ಕೂಡ ಸಂತೋಷಪಡುತ್ತೇವೆಂದು ಅವರು ಎಣಿಸಿದ್ದರು. ಅಪ್ಪ ಮುಗಿದ ಕೈಗಳನ್ನು ಹಾಗೆಯೇ ಹಿಡಿದುಕೊಂಡಿದ್ದ. ಅವನ್ನು ಕೆಳಗಿಳಿಸುವುದು ಹೇಗೆಂದು ತಿಳಿಯದವನಂತೆ.

ಮರುದಿನ ಬೆಳಿಗ್ಗೆ ಬಾದಾಮಿಗೆ ಹೋದೆವು. ತರಬೇತಿ ಸಂಸ್ಥೆಯ ಮೇಲ್ವಿಚಾರಕರು ನನ್ನ ಕಾಗದಗಳನ್ನೆಲ್ಲ ನೋಡಿ, “ಎಲ್ಲಾ ಬರೋಬ್ಬರಿ ಅದಾವಲ್ಲಪ್ಪಾ,” ಎಂದರು. “ನಿನ್ನೆ ಸಂಜಿತನಕ ಹಾದಿ ನೋಡಿದ್ವಿ. ಮುಂದಿನವಗ ಕೊಟ್ಟಬಿಟ್ವಿ.” ಅಪ್ಪ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡ. ಹೊರಗೆ ಬಂದು, ಕೆರೆಯ ಮೆಟ್ಟಿಲ ಮೇಲೆ ಕುಳಿತ. “ಅಂವಾ ಸಾಲಿ ಕಲತಾಂವ,” ಎಂದಷ್ಟೇ ಹೇಳಿದ. ಅಪ್ಪ ಸರ್ ಅವರನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ವರ್ಷವನ್ನು ನಾನು ಮನೆಯಲ್ಲಿ ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕಳೆದೆ. ಮರಳಿ ಸೇರಿಸಿಕೊಳ್ಳುವುದಾಗಿ ಸರ್ ಹೇಳಿ ಕಳುಹಿಸಿದ್ದರು. ಅಪ್ಪ ಉತ್ತರ ಕೊಡಲಿಲ್ಲ. ತರಬೇತಿಗೆ ಮತ್ತೆ ಅರ್ಜಿ ಹಾಕಿದೆ, ಹೆಸರು ಬರಲಿಲ್ಲ.

ಮುಂದಿನ ಜೂನಿನಲ್ಲಿ ಹುನಗುಂದದಲ್ಲಿ ಬಿ.ಎ.ಗೆ ಸೇರಲು ಹೋದೆವು. ಅಲ್ಲಿಯೂ ಗುಮಾಸ್ತರು ಮೂಲ ಅಂಕಪಟ್ಟಿಗಳನ್ನು ಕೇಳಿದರು. ಅಪ್ಪ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತ. ಕೊಡದೆ ಪ್ರವೇಶವಿಲ್ಲವೆಂದು ಅವನಿಗೂ ಗೊತ್ತಿತ್ತು. ನಮ್ಮ ಪರಿಚಯದ ಶಿಕ್ಷಕರೊಬ್ಬರು ಅಲ್ಲೇ ಇದ್ದರು. ಅವರು ಪೆನ್ನು ತೆಗೆದು, “ತರ್ರಿಲ್ಲೆ, ಪಾಲಕರ ಸಹಿ ನಾ ಮಾಡ್ತೇನಿ,” ಎಂದು ಸೌಜನ್ಯದಿಂದಲೇ ಕೈ ಚಾಚಿದರು.

“ಬ್ಯಾಡ್ರಿ,” ಎಂದ ಅಪ್ಪ.

ಸುತ್ತಲಿನವರು ತಿರುಗಿ ನೋಡಿದರು. ಅವನು ಯಾರನ್ನೂ ನೋಡಲಿಲ್ಲ. ಶಾಯಿಯ ಪ್ಯಾಡನ್ನು ತಾನೇ ಎಳೆದುಕೊಂಡು, ಹೆಬ್ಬೆರಳನ್ನು ಅದರ ಮೇಲೆ ಉರುಳಿಸಿ, ನಾನು ತೋರಿಸಿದ ಜಾಗದಲ್ಲಿ ಒತ್ತಿ ಹಿಡಿದ. ಸಾಕೆಂದು ಗುಮಾಸ್ತರು ಹೇಳಿದ ಮೇಲೂ ಬೆರಳನ್ನು ಬೇಗ ಎತ್ತಲಿಲ್ಲ.