ಹೊಲಿಗೆಯ ಹೆಡ್‌ನಿಂದ ಒಂದು ಸಿಲಿಂಡರ್

ಮೊದಲು ಗಣಿಯ ಸೈರನ್, ಆಮೇಲೆ ಸೈಕಲ್ ಬೆಲ್, ಅದರ ಹಿಂದೆಯೇ ಹಾಲಿನ ಕ್ಯಾನಿನ ಮುಚ್ಚಳ ಲೊಟಲೊಟ ಅಲುಗುವ ಸದ್ದು. ಅರವತ್ತರ ದಶಕದ ನನ್ನ ಬೆಳಗುಗಳು ಹೀಗೆ ಶುರುವಾಗುತ್ತಿದ್ದವು. ಅಪ್ಪ ನಂದಿದುರ್ಗ ಚಿನ್ನದ ಗಣಿಯ ಆಫೀಸಿನಲ್ಲಿ ಗುಮಾಸ್ತರು. ಹಾಲು ತರುತ್ತಿದ್ದವರು ಬೇತಮಂಗಲದ ಕಡೆಯ ರೈತರ ಮನೆಯವರೊಬ್ಬರು, ಅದೇ ಗಣಿಯ ಕಾರ್ಮಿಕರು. ರಾತ್ರಿಯೆಲ್ಲ ಭೂಮಿಯೊಳಗೆ ದುಡಿದು, ಅವರಣ್ಣ ಊರಿನಿಂದ ತಂದು ಗಣಿಯ ಗೇಟಿನ ಬಳಿ ಇಟ್ಟುಹೋದ ಕ್ಯಾನ್ ಎತ್ತಿಕೊಂಡು ಬರುತ್ತಿದ್ದರು.

ಕೆಲವು ದಿನ ಸೈರನ್ ಆಗಿ ಎಷ್ಟೋ ಹೊತ್ತಾದರೂ ಬೆಲ್ ಕೇಳುತ್ತಿರಲಿಲ್ಲ. ಅಮ್ಮ ರೇಗುತ್ತಿದ್ದಳು. ಹಾಲಿನವರದು ಒಂದೇ ಉತ್ತರ: "ಸಣ್ಣ ಮಕ್ಳಿರೋರು ಮೊದ್ಲು ಮೇಲಕ್ಕೆ ಓಗ್ಬೇಕಲ್ಲಮ್ಮ. ನಂದು ಕಡೇ ಕೇಜು." ಕೇಜ್ ಎಂದರೆ ಆಳದಿಂದ ಆಳುಗಳನ್ನು ಮೇಲೆತ್ತುವ ಪಂಜರ. ಅವರ ಗ್ಯಾಂಗಿನಲ್ಲಿ ನಡೆದುಬಂದ ಪದ್ಧತಿ ಅದು.

"ಹಾಗಾದ್ರೆ ಬೇಗ ಮದುವೆಯಾಗಪ್ಪ, ನಮ್ಮ ಕಾಫಿಯಾದ್ರೂ ಹೊತ್ತಿಗಾಗ್ಲಿ," ಎಂದಳು ಅಮ್ಮ ಒಮ್ಮೆ. ಅವರು ನಾಚಿ ನನ್ನ ಕಡೆ ತಿರುಗಿದರು. ನಾನಾಗ ಕಾನ್ವೆಂಟಿನ ಪಿನಫೋರ್ ತೊಟ್ಟು ಬಸ್ಸಿಗೆ ಕಾಯುತ್ತಿದ್ದೆ. ನಾನು ಅವರಿಗೆ ಕಲಿಸಿದ್ದ ಇಂಗ್ಲಿಷ್ ಎರಡೇ ಮಾತು. ರಾತ್ರಿ ಶಿಫ್ಟಿನವರಿಗೆ ಬೆಳಗೇ ಮಲಗುವ ಹೊತ್ತಾದ್ದರಿಂದ, ಸೈಕಲ್ ಹತ್ತುತ್ತಾ "ಗುಡ್ ನೈಟ್ ಪಾಪಾ" ಎನ್ನುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ, ಗಣಿಗಳು ಮುಚ್ಚಿದ ಮೇಲೆ, ನಾನು ಬಂಗಾರಪೇಟೆಯ ಒಂದು ಸಣ್ಣ ಟ್ರಸ್ಟಿನಲ್ಲಿ ಫೈನಾನ್ಸ್ ಆಫೀಸರ್ ಆಗಿದ್ದೆ. ಗಣಿ ಕುಟುಂಬಗಳಿಗಾಗಿಯೇ ಇದ್ದ ಪ್ರಾಜೆಕ್ಟ್. ಹಣ ಹೊರಗಿನ ಒಂದು ಸಂಸ್ಥೆಯದು. ಪ್ರಾಜೆಕ್ಟ್ ಮ್ಯಾನೇಜರ್ ಮಾತ್ರ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲೇ ಹುಟ್ಟಿ ಬೆಳೆದವನು, ನನ್ನ ಮಗನ ವಯಸ್ಸಿನವನು. ಪಕ್ಕದ ರೂಮಿನಲ್ಲೇ ಕೂತಿದ್ದರೂ ಅವನು ಒಂದು ದಿನ ನನಗೆ ಇಮೇಲ್ ಕಳಿಸಿದ, ಡೈರೆಕ್ಟರಿಗೂ ಒಂದು ಕಾಪಿ. ಹಣದ ವಿಷಯ ಬಾಯಿಮಾತಿನಲ್ಲಿ ಆಗಬಾರದು ಎಂದು ಅವನಿಗೆ ಹೇಳಿಕೊಟ್ಟವಳು ನಾನೇ.

ಅವನು ಬರೆದದ್ದು: ಹೆಂಗಸರಿಗೆಂದು ಇಟ್ಟಿದ್ದ ಹೊಲಿಗೆ ತರಬೇತಿ ನಡೆಯುವಂತಿಲ್ಲ. ಎಲ್ಲರೂ ಬೆಳಗಿನ ಟ್ರೇನಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಗಣಿಯ ಧೂಳಿಗೆ ಶ್ವಾಸಕೋಶ ಕೆಟ್ಟ ಗಂಡಸರು. ಅವರಿಗೆ ನರ್ಸ್ ಭೇಟಿ, ಡಾಕ್ಟರ್ ಹೇಳಿದವರಿಗೆ ಬಾಡಿಗೆಯ ಆಕ್ಸಿಜನ್ ಸಿಲಿಂಡರ್ ಕೊಡೋಣ. ಆದ್ದರಿಂದ ಬಜೆಟ್ಟಿನ 'ಟ್ರೈನಿಂಗ್' ಹೆಡ್‌ನಲ್ಲಿ ಉಳಿದ ಹಣವನ್ನು 'ಮೆಡಿಕಲ್' ಹೆಡ್‌ಗೆ ವರ್ಗಾಯಿಸಿ. ಇಷ್ಟೇ ಆ ಇಮೇಲ್.

ನಾನು ಬರೆದೆ: ಒಂದು ಹೆಡ್ ಅದರ ಹತ್ತನೇ ಒಂದು ಭಾಗದಷ್ಟು ಹಿಗ್ಗುವುದಾದರೆ ಡೈರೆಕ್ಟರ್ ಸಹಿ ಸಾಕು. ಅದಕ್ಕಿಂತ ಹೆಚ್ಚಾದರೆ ಹಣ ಕೊಟ್ಟವರ ಲಿಖಿತ ಒಪ್ಪಿಗೆ ಮೊದಲು ಬರಬೇಕು, ಖರ್ಚು ಆಮೇಲೆ. ಕಾರಣವನ್ನೂ ಹೊಸ ಬಜೆಟ್ಟನ್ನೂ ಇವತ್ತೇ ಕೊಡು, ಕಳಿಸುತ್ತೇನೆ.

ಅವನು ಬಾಗಿಲಲ್ಲಿ ಬಂದು ನಿಂತ. "ಮೇಡಂ, ಉಸಿರು ಒಪ್ಪಿಗೆಗೆ ಕಾಯಲ್ಲ."

ಮೆಡಿಕಲ್ ಹೆಡ್ ಬಹಳ ಚಿಕ್ಕದು. ಅದರ ಹತ್ತನೇ ಒಂದು ಭಾಗಕ್ಕೆ ಒಂದೇ ಮನೆಯ ಸಿಲಿಂಡರ್ ಬಾಡಿಗೆ ಬರುತ್ತಿತ್ತು. ಅಷ್ಟನ್ನು ಅಂದೇ ಡೈರೆಕ್ಟರ್ ಸಹಿಗೆ ಇಟ್ಟೆ, ಉಳಿದದ್ದು ಒಪ್ಪಿಗೆಗೆ ಹೋಯಿತು. ಆ ಒಂದು ಯಾರಿಗೆ? ಡಾಕ್ಟರ ಚೀಟಿ ನೋಡಿ, ಎಲ್ಲರಿಗಿಂತ ಕಷ್ಟದಲ್ಲಿರುವವರ ಹೆಸರನ್ನು ನರ್ಸ್ ಹೇಳಿದಳು. ನಮ್ಮ ಹಾಲಿನವರು.

ಮರುದಿನ ಸಿಲಿಂಡರ್ ಒಯ್ದ ನರ್ಸ್, ಮ್ಯಾನೇಜರ್ ಜೊತೆ ನಾನೂ ಹೋದೆ. ಮೂಳೆ ಚರ್ಮವಾಗಿ, ಗೋಡೆಗೆ ದಿಂಬು ಒರಗಿಸಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ನನ್ನ ಗುರುತು ಹಿಡಿದು ನಕ್ಕರು, ನಗು ಕೆಮ್ಮಾಯಿತು. ಮಿಕ್ಕವರಿಗೆ ಯಾವಾಗ ಎಂದು ಕೇಳಿದರು. ಒಪ್ಪಿಗೆ ಬಂದ ಮೇಲೆ ಎಂದೆ.

ಅವರು ಪಕ್ಕದ ಮನೆಯ ಕಡೆ ಕೈ ತೋರಿಸಿದರು. ಅಲ್ಲಿಯೂ ಒಬ್ಬ ಗಣಿ ಕೆಲಸದವನಿದ್ದ, ಇನ್ನೂ ಚಿಕ್ಕ ವಯಸ್ಸಿನವನು, ಅವನ ಹೆಸರೂ ಡಾಕ್ಟರ ಚೀಟಿಯಲ್ಲಿತ್ತು.

"ಅಲ್ಲಿಗಾಕಿ ಪಾಪಾ. ಅವನಿಗೆ ಸಣ್ಣ ಮಕ್ಳವೆ."

"ಡಾಕ್ಟರು ನಿಮಗೆ ಮೊದಲು ಅಂದಿದಾರೆ," ಎಂದೆ. ಅವರ ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಲವತ್ತು ವರ್ಸದಿಂದ ಏಳ್ತಾ ಇವ್ನಿ, ಈ ಮುದ್ಕ ಯಾರ ಮಾತೂ ಕೇಳಾಕಿಲ್ಲ," ಎಂದಳು.

ನರ್ಸ್ ಬೇಡಿದಳು, ಮ್ಯಾನೇಜರ್ ಗದರಿದ. ಮೂಗಿಗೆ ಹಾಕಿದ ಕೊಳವೆಯನ್ನು ಅವರೇ ಕಿತ್ತು ನನ್ನ ಕೈಗಿಟ್ಟರು. ಕೊನೆಗೆ ಸಿಲಿಂಡರ್ ಪಕ್ಕದ ಮನೆಗೆ ಹೋಯಿತು.

ಒಪ್ಪಿಗೆಯ ಇಮೇಲ್ ಬಂದಾಗ ನಾನು ಅದನ್ನು ಮ್ಯಾನೇಜರಿಗೆ ಕಳಿಸಲಿಲ್ಲ, ಎದ್ದು ಹೋಗಿ ಹೇಳಿದೆ. ಲೈನಿನ ಎಷ್ಟೋ ಮನೆಗಳಿಗೆ ಸಿಲಿಂಡರ್ ಹೋಯಿತು. ಹಾಲಿನವರ ಮನೆಗೆ ಅಷ್ಟರಲ್ಲಿ ಅದು ಬೇಕಾಗಿರಲಿಲ್ಲ.

ನಾನು ಅವರನ್ನು ಕಡೆಯ ಸಲ ನೋಡಿದ್ದು ಸಿಲಿಂಡರ್ ಒಯ್ದ ಆ ದಿನವೇ. ಹೊರಡುವಾಗ ತಿರುಗಿ ನೋಡಿದೆ. ಬಾಗಿಲ ಬಿಸಿಲು ಅವರ ಮೊಣಕಾಲಿನವರೆಗೆ ಬಂದಿತ್ತು, ಮಧ್ಯಾಹ್ನ ಇನ್ನೂ ಆಗಿರಲಿಲ್ಲ. ಮಾತಿಗೆ ಉಸಿರು ಸಾಲದೆ ತುಸು ಹೊತ್ತು ಕೂಡಿಸಿಕೊಂಡು, "ಗುಡ್ ನೈಟ್ ಪಾಪಾ," ಎಂದರು.